ಆಫರ್ ಲೆಟರ್‌ನ ಮೂವತ್ತು ಸಾವಿರ ಎಲ್ಲಿ ಹೋಯ್ತು?

ಹೋದ ವರ್ಷ ಜುಲೈನಲ್ಲಿ ನನ್ನ ದೊಡ್ಡಪ್ಪನ ಮಗಳು ಶಿವಮೊಗ್ಗದಿಂದ ಪುಣೆಗೆ ಹೋಗಿ ಒಂದು ಕಂಪನಿಗೆ ಸೇರಿದಳು. ಕ್ಯಾಂಪಸ್ ಪ್ಲೇಸ್‌ಮೆಂಟ್, ಮೊದಲನೇ ಕೆಲಸ. ಆಫರ್ ಲೆಟರ್‌ನಲ್ಲಿ ರೀಲೊಕೇಶನ್‌ಗೆ 30,000 ರೂಪಾಯಿ ಅಂತ ಬರೆದಿತ್ತು. ಹಾಗಾಗಿ ಹೋಗಿ ಬರೋ ಖರ್ಚು, ಹೋಟೆಲ್ ಖರ್ಚು ಅಂತ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ದೊಡ್ಡಪ್ಪ ಸೊಸೈಟಿಯಲ್ಲಿ ನಲವತ್ತು ಸಾವಿರ ಸಾಲ ತೆಗೆದು ಕೊಟ್ಟರು. "ಹೇಗೂ ಕಂಪನಿಯಿಂದ ಬರುತ್ತಲ್ಲ, ಮುಂದಿನ ತಿಂಗಳು ಕಟ್ಟಿದರಾಯ್ತು" ಅಂದ್ರು. ಆ ದುಡ್ಡು ಬಂದದ್ದು ಸೆಪ್ಟೆಂಬರ್ 30ಕ್ಕೆ. ಬಂದದ್ದು ಮೂವತ್ತು ಸಾವಿರ ಅಲ್ಲ, 19,790 ರೂಪಾಯಿ.

ಕಂಪನಿ ಮೋಸ ಮಾಡಿತಾ ಅಂತ ನಾನು ಕೇಳಿದೆ. ಅಕ್ಕ ನಕ್ಕಳು. "ಮೋಸ ಏನೂ ಇಲ್ಲ ಮಾರಾಯ, ನಾನು ಲೆಟರ್ ಸರಿಯಾಗಿ ಓದಿರಲಿಲ್ಲ ಅಷ್ಟೇ" ಅಂದಳು. ಆಮೇಲೆ ಲ್ಯಾಪ್‌ಟಾಪ್ ತೆಗೆದು ಲೆಟರ್, ಬಿಲ್, ಮೇಲ್ ಎಲ್ಲ ಒಂದೊಂದಾಗಿ ತೋರಿಸಿದಳು. ಮುಂದಿನ ತಿಂಗಳಿಂದ ನಮ್ಮ ಸೀನಿಯರ್ಸ್‌ಗೆ ಪ್ಲೇಸ್‌ಮೆಂಟ್ ಶುರು. ನಾನಿನ್ನೂ ಸೆಕೆಂಡ್ ಇಯರ್, ನನಗೆ ಟೈಮ್ ಇದೆ. ಆದರೂ ಅವಳು ಹೇಳಿದ್ದನ್ನು ಬರೆದಿಡೋಣ ಅನ್ನಿಸ್ತು.

ಆ ಒಂದು ಸಾಲಿನಲ್ಲಿ ಏನಿತ್ತು

ಲೆಟರ್‌ನ ಕೊನೆ ಪುಟದಲ್ಲಿ ಇದ್ದದ್ದರ ಸಾರ ಇಷ್ಟು: ರೀಲೊಕೇಶನ್ ನೆರವು ಗರಿಷ್ಠ 30,000 ರೂಪಾಯಿವರೆಗೆ, ನಿಜವಾಗಿ ಆದ ಖರ್ಚಿಗೆ, ಬಿಲ್ ಕೊಟ್ಟ ಮೇಲೆ, ಸೇರಿದ ದಿನದಿಂದ 30 ದಿನದೊಳಗೆ ಕ್ಲೇಮ್ ಮಾಡಿದರೆ. ಹನ್ನೆರಡು ತಿಂಗಳೊಳಗೆ ಕೆಲಸ ಬಿಟ್ಟರೆ ಪೂರ್ತಿ ವಾಪಸ್.

ಮನೆಯವರೆಲ್ಲ ಓದಿದ್ದು "30,000" ಅನ್ನೋದನ್ನು ಮಾತ್ರ. ಓದಬೇಕಾಗಿದ್ದು ಅದರ ಹಿಂದೆ ಮುಂದೆ ಇರೋ ಪದಗಳನ್ನು. "ವರೆಗೆ" ಅಂದರೆ ಅದು ಮಿತಿ, ಮೊತ್ತ ಅಲ್ಲ. ಹನ್ನೆರಡು ಸಾವಿರ ಖರ್ಚಾದರೆ ಹನ್ನೆರಡೇ ಬರುತ್ತೆ. ಕೆಲವು ಕಂಪನಿಗಳು ಇದನ್ನೇ ಬೇರೆ ರೀತಿ ಕೊಡ್ತಾರೆ. ಬಿಲ್ ಗಿಲ್ ಏನೂ ಬೇಡ, ಮೊದಲ ಸಂಬಳದ ಜೊತೆ ಒಂದೇ ಸಲ ಒಂದು ಮೊತ್ತ ಹಾಕಿಬಿಡ್ತಾರೆ. ಅದು ಆರಾಮ. ಆದರೆ ಅದು ಸಂಬಳದ ಭಾಗ ಅಂತ ಲೆಕ್ಕಕ್ಕೆ ಬರುತ್ತೆ, ನಿಮ್ಮ ವರ್ಷದ ಆದಾಯ ತೆರಿಗೆ ಬೀಳುವಷ್ಟಿದ್ದರೆ ಟಿಡಿಎಸ್ ಕಟ್ ಆಗಿಯೇ ಕೈಗೆ ಬರೋದು. ನಿಮಗೆ ಬಂದಿರೋ ಆಫರ್ ಈ ಎರಡರಲ್ಲಿ ಯಾವುದು ಅನ್ನೋದು ಮೊದಲನೇ ಪ್ರಶ್ನೆ. ಅದು ಗೊತ್ತಾಗದೆ ಉಳಿದ ಲೆಕ್ಕ ಯಾವುದೂ ಹಾಕೋಕೆ ಆಗಲ್ಲ.

ಇನ್ನೊಂದು ವಿಷಯ, ಇದು ಸ್ವಲ್ಪ ಹೊಟ್ಟೆ ಉರಿಸೋದು. ಈ ದುಡ್ಡನ್ನು ಸಿಟಿಸಿಯೊಳಗೇ ಸೇರಿಸಿ ತೋರಿಸೋ ಕಂಪನಿಗಳೂ ಇವೆ. ಬೋರ್ಡ್ ಮೇಲೆ "ಏಳು ಲಕ್ಷ ಪ್ಯಾಕೇಜ್" ಅಂತ ಹಾಕಿದರೆ ಅದರೊಳಗೆ ಒಂದೇ ಸಲ ಬರೋ ರೀಲೊಕೇಶನ್, ಜಾಯಿನಿಂಗ್ ಬೋನಸ್ ಎಲ್ಲ ಕೂಡಿರಬಹುದು. ಎರಡನೇ ವರ್ಷ ಅದು ಇರಲ್ಲ. ಹಾಸ್ಟೆಲ್‌ನಲ್ಲಿ ಪ್ಯಾಕೇಜ್ ಹೋಲಿಸಿ ಜಗಳ ಆಡೋ ಮುಂಚೆ ಆ ಟೇಬಲ್‌ನಲ್ಲಿ ಯಾವ ಸಾಲು ಪ್ರತಿವರ್ಷ ಬರುತ್ತೆ, ಯಾವುದು ಒಂದೇ ಸಲ ಅಂತ ನೋಡಿಕೊಳ್ಳಿ.

ಅಕ್ಕ ಒಂದು ಒಳ್ಳೆ ಕೆಲಸ ಮಾಡಿದ್ದಳು. ರಿಕ್ರೂಟರ್ ಫೋನ್‌ನಲ್ಲಿ "ಹದಿನೈದು ದಿನ ಹೋಟೆಲ್ ಕೂಡ ಕೊಡ್ತೀವಿ" ಅಂದಿದ್ದರು. ಲೆಟರ್‌ನಲ್ಲಿ ಹೋಟೆಲ್ ಅನ್ನೋ ಪದವೇ ಇರಲಿಲ್ಲ. ಹಾಗಾಗಿ ಆಫರ್‌ಗೆ ಒಪ್ಪಿಗೆ ಕೊಡೋ ಮುಂಚೆ ಒಂದು ಮೇಲ್ ಹಾಕಿದಳು. ನಿನ್ನೆ ಫೋನ್‌ನಲ್ಲಿ ಹದಿನೈದು ದಿನದ ವಸತಿ ಬಗ್ಗೆ ಹೇಳಿದಿರಿ, ಅದು ಈ 30,000ದ ಒಳಗಾ, ಹೊರಗಾ, ದಯವಿಟ್ಟು ಖಚಿತಪಡಿಸಿ ಅಂತ. ಮೂರು ದಿನ ಬಿಟ್ಟು ಉತ್ತರ ಬಂತು: ಏಳು ರಾತ್ರಿವರೆಗೆ, ಅದೇ ಮಿತಿಯೊಳಗೆ. ಹದಿನೈದು ಏಳಾಯ್ತು. ಬೇಜಾರಾಯ್ತು, ಆದರೆ ಏಳಾದರೂ ಬರಹದಲ್ಲಿ ಸಿಕ್ಕಿತು. ಆ ಮೇಲ್ ಇಲ್ಲದಿದ್ದರೆ ಮುಂದೆ ಹೋಟೆಲ್ ಬಿಲ್ ಪೂರ್ತಿ ರಿಜೆಕ್ಟ್ ಆಗ್ತಿತ್ತು ಅಂತ ಅವಳು ಈಗಲೂ ಹೇಳ್ತಾಳೆ.

ಹೇಳೋರು ಒಬ್ಬರು, ಕೊಡೋರು ಇನ್ನೊಬ್ಬರು

ನನಗೆ ಇದರಲ್ಲಿ ಹೊಸದಾಗಿ ಗೊತ್ತಾಗಿದ್ದು ಇದು. ನಮಗೆ ಫೋನ್ ಮಾಡಿ, ನಗುನಗುತ್ತಾ ಮಾತಾಡಿ, ಮಾತು ಕೊಡೋರು ರಿಕ್ರೂಟರ್. ಅವರ ಕೆಲಸ ನಾವು ಸೇರೋವರೆಗೆ. ಸೇರಿದ ಮೇಲೆ ನಮ್ಮ ಕಡತ ಎಚ್‌ಆರ್ ಆಪರೇಶನ್ಸ್ ಅನ್ನೋ ಬೇರೆ ತಂಡಕ್ಕೆ ಹೋಗುತ್ತೆ. ಬಿಲ್ ನೋಡೋದು ಫೈನಾನ್ಸ್. ದುಡ್ಡು ಹಾಕೋದು ಪೇರೋಲ್, ಅದೂ ಕೆಲವು ಕಡೆ ಹೊರಗಿನ ಏಜೆನ್ಸಿ. ಈ ಮೂವರಿಗೂ ರಿಕ್ರೂಟರ್ ಫೋನ್‌ನಲ್ಲಿ ಏನು ಹೇಳಿದ್ದರು ಅಂತ ಗೊತ್ತಿರಲ್ಲ. ಅವರು ನೋಡೋದು ಪಾಲಿಸಿ ಮತ್ತೆ ಲೆಟರ್.

ಅಕ್ಕನ ರಿಕ್ರೂಟರ್ ಕಾಂಟ್ರ್ಯಾಕ್ಟ್ ಮೇಲೆ ಇದ್ದವರು. ಆಗಸ್ಟ್ ಹೊತ್ತಿಗೆ ಅವರ ಮೇಲ್ ಐಡಿಗೆ ಕಳಿಸಿದ್ದು ವಾಪಸ್ ಬರ್ತಿತ್ತು.

ಇಲ್ಲಿ ನಮ್ಮಂಥವರಿಗೆ ಒಂದು ಸ್ಪೆಷಲ್ ಗುಂಡಿ ಇದೆ. ಕ್ಯಾಂಪಸ್ ಆಫರ್‌ನ ಎಲ್ಲಾ ಮೇಲ್ ಬರೋದು ಕಾಲೇಜ್ ಐಡಿಗೆ. ಪಾಸ್ ಔಟ್ ಆದ ಕೆಲವು ತಿಂಗಳಿಗೆ ಎಷ್ಟೋ ಕಾಲೇಜುಗಳು ಆ ಐಡಿ ಬಂದ್ ಮಾಡ್ತವೆ. ಅಂದರೆ ರೀಲೊಕೇಶನ್ ಕ್ಲೇಮ್‌ಗೆ ಬೇಕಾಗೋ ಹೊತ್ತಿಗೆ ಸರಿಯಾಗಿ ಸಾಕ್ಷಿ ಮಾಯ! ಅಕ್ಕ ಮೇ ತಿಂಗಳಲ್ಲೇ ಆಫರ್ ಲೆಟರ್, ಹೋಟೆಲ್ ಬಗ್ಗೆ ಬಂದ ಉತ್ತರ, ಜಾಯಿನಿಂಗ್ ಡೇಟ್ ಮೇಲ್ ಮೂರನ್ನೂ ಪಿಡಿಎಫ್ ಮಾಡಿ ತನ್ನ ಸ್ವಂತ ಮೇಲ್‌ಗೆ ಕಳಿಸಿಕೊಂಡಿದ್ದಳು. ಸ್ಕ್ರೀನ್‌ಶಾಟ್ ಸಾಲಲ್ಲ, ಯಾರು ಯಾರಿಗೆ ಯಾವತ್ತು ಕಳಿಸಿದ್ದು ಅನ್ನೋದು ಪೂರ್ತಿ ಕಾಣಬೇಕು.

ಬಿಲ್‌ಗಳ ಕಥೆ

ಈಗ ಲೆಕ್ಕಕ್ಕೆ ಬರೋಣ. ಜುಲೈ 7ಕ್ಕೆ ಸೇರಿದಳು. ಆ ವಾರ ಆದ ಖರ್ಚು ಹೀಗಿತ್ತು. ಅವಳ ಬಸ್ ಟಿಕೆಟ್ 1,450. ಬಿಟ್ಟು ಬರೋಕೆ ದೊಡ್ಡಪ್ಪ ಜೊತೆಗೆ ಹೋಗಿದ್ದರು, ಅವರದ್ದೂ 1,450. ಸ್ಕೂಟಿ ಮತ್ತೆ ಎರಡು ಪೆಟ್ಟಿಗೆ ಸಾಮಾನು ಲಾರಿಯವರ ಮೂಲಕ ಕಳಿಸಿದ್ದಕ್ಕೆ 6,200. ಹೋಟೆಲ್ ಏಳು ರಾತ್ರಿ, ತೆರಿಗೆ ಸೇರಿ ದಿನಕ್ಕೆ 1,680ರಂತೆ 11,760. ಬಸ್ ಸ್ಟ್ಯಾಂಡ್‌ನಿಂದ ಹೋಟೆಲ್‌ಗೆ ಕ್ಯಾಬ್ 380. ಪಿಜಿ ಹುಡುಕಿಕೊಟ್ಟ ಬ್ರೋಕರ್‌ಗೆ 4,000 ಕ್ಯಾಶ್. ಪಿಜಿ ಅಡ್ವಾನ್ಸ್ 15,000. ಎಲ್ಲ ಕೂಡಿ 40,240.

ಮಿತಿ 30,000 ತಾನೇ, ನಲವತ್ತು ತೋರಿಸಿದರೆ ಮೂವತ್ತು ಬಂದೇ ಬರುತ್ತೆ ಅಂತ ಅವಳ ಲೆಕ್ಕ. ಇದು ತಪ್ಪು ಲೆಕ್ಕ. ಮೊದಲು ಪ್ರತಿ ಬಿಲ್ ಒಪ್ಪಬಹುದಾ ಅಂತ ನೋಡ್ತಾರೆ, ಆಮೇಲೆ ಒಪ್ಪಿದ್ದನ್ನು ಕೂಡಿ ಮಿತಿಗೆ ಹೋಲಿಸ್ತಾರೆ.

ಎಂಪ್ಲಾಯಿ ಐಡಿ ಬರದೆ ಎಕ್ಸ್‌ಪೆನ್ಸ್ ಪೋರ್ಟಲ್ ಓಪನ್ ಆಗಲ್ಲ. ಅವಳಿಗೆ ಪೋರ್ಟಲ್ ಸಿಕ್ಕಿದ್ದು ಜುಲೈ 14ಕ್ಕೆ. ಆದರೆ 30 ದಿನದ ಗಡಿಯಾರ ಜುಲೈ 7ರಿಂದಲೇ ಓಡ್ತಾ ಇತ್ತು. ಟ್ರೇನಿಂಗ್ ಗಡಿಬಿಡಿಯಲ್ಲಿ ಜುಲೈ 26ಕ್ಕೆ ಕ್ಲೇಮ್ ಹಾಕಿದಳು. 31ಕ್ಕೆ ಅದು ವಾಪಸ್ ಬಂತು. ಕೊನೇ ದಿನ ಆಗಸ್ಟ್ 6. ಅಂದರೆ ಸರಿಮಾಡೋಕೆ ಆರೇ ದಿನ.

ವಾಪಸ್ ಬಂದಿದ್ದು ಯಾಕೆ ಅಂತ ನೋಡಿದರೆ ಪ್ರತಿಯೊಂದಕ್ಕೂ ಒಂದೊಂದು ಕಾರಣ. ದೊಡ್ಡಪ್ಪನ ಟಿಕೆಟ್: ಅವರ ಪಾಲಿಸಿಯಲ್ಲಿ ಪ್ರಯಾಣ ಅಂದರೆ ಉದ್ಯೋಗಿ ಮಾತ್ರ, ಅಪ್ಪ ಅಮ್ಮ ಇಲ್ಲ. ಪಿಜಿ ಅಡ್ವಾನ್ಸ್: ಅದು ಖರ್ಚೇ ಅಲ್ಲ, ಬಿಡುವಾಗ ವಾಪಸ್ ಬರೋ ದುಡ್ಡು. ಯೋಚನೆ ಮಾಡಿದರೆ ಸರಿಯೇ. ಬ್ರೋಕರ್: ಪಾಲಿಸಿಯಲ್ಲಿ ಬ್ರೋಕರೇಜ್‌ಗೆ ಅವಕಾಶ ಇತ್ತು, ಆದರೆ ರಸೀದಿ ಇಲ್ಲ. ಕ್ಯಾಶ್ ಇಸ್ಕೊಂಡ ಬ್ರೋಕರ್ ಆಮೇಲೆ ಫೋನೇ ಎತ್ತಲಿಲ್ಲ. ಯುಪಿಐ ಮಾಡಿ, ಅಲ್ಲೇ ಒಂದು ಹಾಳೆಯಲ್ಲಿ ಹೆಸರು, ವಿಳಾಸ, ಯಾವುದಕ್ಕೆ, ಎಷ್ಟು ಅಂತ ಬರೆಸಿ ಸೈನ್ ಹಾಕಿಸಿಕೊಂಡಿದ್ದರೆ ಆ ನಾಲ್ಕು ಸಾವಿರ ಉಳೀತಿತ್ತು. (ಕ್ಯಾಶ್ ರಸೀದಿ 5,000 ರೂಪಾಯಿ ದಾಟಿದರೆ ಒಂದು ರೂಪಾಯಿಯ ರೆವೆನ್ಯೂ ಸ್ಟ್ಯಾಂಪ್ ಅಂಟಿಸಿ ಅದರ ಮೇಲೆ ಸೈನ್ ಹಾಕಿಸಬೇಕು. ಆ ಸ್ಟ್ಯಾಂಪ್‌ಗೆ ಇನ್ನೂ ಕೆಲಸ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.)

ಈ ಮೂರು ಹೋದವು. ಉಳಿದ ಎರಡು ದೊಡ್ಡ ಬಿಲ್ ಉಳಿಸಿಕೊಳ್ಳೋದೇ ಆ ಆರು ದಿನದ ಹೋರಾಟ.

ಹೋಟೆಲ್‌ಗೆ ಅವಳು ಅಟ್ಯಾಚ್ ಮಾಡಿದ್ದು ಬುಕಿಂಗ್ ಆಪ್‌ನಿಂದ ಬಂದ ಕನ್ಫರ್ಮೇಶನ್. ಅದು ಬಿಲ್ ಅಲ್ಲ. ನೀವು ರೂಮ್ ಕಾದಿರಿಸಿದಿರಿ ಅಂತ ಅದು ಹೇಳುತ್ತೆ, ಉಳಿದುಕೊಂಡಿರಿ ಅಂತ ಹೇಳಲ್ಲ. ಫೈನಾನ್ಸ್‌ನವರಿಗೆ ಬೇಕಾಗಿದ್ದು ಹೋಟೆಲ್ ಕೊಡೋ ಟ್ಯಾಕ್ಸ್ ಇನ್ವಾಯ್ಸ್: ಅದರಲ್ಲಿ ಇನ್ವಾಯ್ಸ್ ನಂಬರ್, ಹೋಟೆಲ್‌ನ ಜಿಎಸ್‌ಟಿ ನಂಬರ್, ಅವಳ ಹೆಸರು, ಚೆಕ್ ಇನ್ ಮತ್ತೆ ಚೆಕ್ ಔಟ್ ತಾರೀಖು ಇರಬೇಕು. ಚೆಕ್ ಔಟ್ ಮಾಡುವಾಗ ಕೌಂಟರ್‌ನಲ್ಲಿ ಕೇಳಿದ್ದರೆ ಎರಡು ನಿಮಿಷದ ಕೆಲಸ. ಆಮೇಲೆ ಕೇಳಿದ್ದಕ್ಕೆ ಮೂರು ಸಲ ಫೋನ್ ಮಾಡಿ, ಕೊನೆಗೆ ಟ್ರೇನಿಂಗ್ ಮುಗಿಸಿ ಸಂಜೆ ಆಟೋದಲ್ಲಿ ಹೋಗಿ ಪ್ರಿಂಟ್ ತರಬೇಕಾಯ್ತು.

ಲಾರಿ ಬಿಲ್ ಇನ್ನೂ ಮಜಾ. ಇನ್ವಾಯ್ಸ್ ಪಕ್ಕಾ ಇತ್ತು, ಆದರೆ ಶಿವಮೊಗ್ಗದಲ್ಲಿ ಬುಕ್ ಮಾಡಿದ್ದು ದೊಡ್ಡಪ್ಪ, ಹೆಸರು ಅವರದ್ದು. "ಬಿಲ್ ಉದ್ಯೋಗಿಯ ಹೆಸರಲ್ಲಿ ಇಲ್ಲ" ಅಂತ ರಿಜೆಕ್ಟ್. ಬಿಲ್ ಬದಲಾಯಿಸಿಕೊಡಿ ಅಂದರೆ ಟ್ರಾನ್ಸ್‌ಪೋರ್ಟ್‌ನವರು ಒಪ್ಪಲಿಲ್ಲ. ಆಗ ದೊಡ್ಡಪ್ಪನಿಗೇ ನೆನಪಾಯ್ತು. ಸಾಮಾನು ಹಾಕುವಾಗ ಲಾರಿಯವರು ಇನ್ನೊಂದು ಚೀಟಿ ಕೊಟ್ಟಿದ್ದರು, ಎಲ್‌ಆರ್ ಅಂತಾರೆ, ಲಾರಿ ರಸೀದಿ. ಅದರಲ್ಲಿ ಕಳಿಸಿದವರು ಯಾರು, ಪಡೆಯೋರು ಯಾರು, ಎಲ್ಲಿಂದ ಎಲ್ಲಿಗೆ, ಏನು ಸಾಮಾನು ಅಂತ ಇರುತ್ತೆ. ಪಡೆಯೋರ ಜಾಗದಲ್ಲಿ ಅಕ್ಕನ ಹೆಸರು, ಪುಣೆ ವಿಳಾಸ. ಸ್ಕೂಟಿಯ ಆರ್‌ಸಿ ಕೂಡ ಅವಳ ಹೆಸರಲ್ಲೇ. ದೊಡ್ಡಪ್ಪ ಎಲ್‌ಆರ್ ಫೋಟೋ ತೆಗೆದು ವಾಟ್ಸಾಪ್ ಮಾಡಿದ್ರು. ಇನ್ವಾಯ್ಸ್, ಎಲ್‌ಆರ್, ಆರ್‌ಸಿ ಮೂರನ್ನೂ ಒಂದೇ ಪಿಡಿಎಫ್ ಮಾಡಿ, "ಬುಕ್ ಮಾಡಿದ್ದು ನನ್ನ ತಂದೆ, ಸಾಗಿಸಿದ್ದು ನನ್ನ ಸಾಮಾನು" ಅಂತ ಒಂದು ಸಾಲು ಬರೆದು ಆಗಸ್ಟ್ 5ಕ್ಕೆ ಮತ್ತೆ ಸಬ್ಮಿಟ್ ಮಾಡಿದಳು. ಒಪ್ಪಿದರು.

ಒಪ್ಪಿದ್ದು ಒಟ್ಟು: 1,450, 6,200, 11,760, 380. ಕೂಡಿದರೆ 19,790.

ಸುಮ್ಮನೆ ಕೂತ ಕ್ಲೇಮ್

ಆಗಸ್ಟ್ ಸಂಬಳ ಬಂತು, ರೀಲೊಕೇಶನ್ ಬರಲಿಲ್ಲ. ಇತ್ತ ಸೊಸೈಟಿಯಿಂದ ದೊಡ್ಡಪ್ಪನಿಗೆ ಕಂತಿನ ನೆನಪೋಲೆ ಬಂದಿತ್ತು.

ಪೇರೋಲ್‌ಗೆ ಪ್ರತಿ ತಿಂಗಳು ಒಂದು ಕಟ್‌ಆಫ್ ದಿನ ಇರುತ್ತೆ. ಅವಳ ಕಂಪನಿಯಲ್ಲಿ 20. ಅದರೊಳಗೆ ಪೂರ್ತಿ ಅಪ್ರೂವ್ ಆದದ್ದು ಆ ತಿಂಗಳ ಸಂಬಳದಲ್ಲಿ ಬರುತ್ತೆ, ಇಲ್ಲದಿದ್ದರೆ ಮುಂದಿನ ತಿಂಗಳು. ಆಗಸ್ಟ್ 5ಕ್ಕೆ ಹಾಕಿದ್ದು 20ರೊಳಗೆ ಆಗಬೇಕಿತ್ತು. ಪೋರ್ಟಲ್‌ನಲ್ಲಿ ನೋಡಿದರೆ `Pending with Approver`. ಯಾರು ಆ ಅಪ್ರೂವರ್ ಅಂತ ಕ್ಲಿಕ್ ಮಾಡಿದರೆ ಟ್ರೇನಿಂಗ್ ಬ್ಯಾಚ್‌ನ ಮ್ಯಾನೇಜರ್. ಅವರು ಜುಲೈ ಕೊನೆಗೇ ಬೇರೆ ಊರಿನ ಆಫೀಸಿಗೆ ಹೋಗಿದ್ದರು. ಫೈನಾನ್ಸ್ ಬಿಲ್‌ಗಳನ್ನು ಒಪ್ಪಿ ಮುಂದೆ ಕಳಿಸಿತ್ತು, ಆದರೆ ಕ್ಲೇಮ್ ಹೋಗಿ ಕೂತಿದ್ದು ಯಾರೂ ತೆಗೆಯದ ಇನ್‌ಬಾಕ್ಸ್‌ನಲ್ಲಿ. ಯಾರೂ ಬೇಡ ಅಂದಿಲ್ಲ, ಯಾರೂ ನೋಡಿಯೇ ಇಲ್ಲ. "ಕಾಯ್ತಾ ಕೂತಿದ್ರೆ ಈಗಲೂ ಅಲ್ಲೇ ಇರ್ತಿತ್ತು ಕಣೋ" ಅಂದಳು.

ಸೆಪ್ಟೆಂಬರ್ 2ಕ್ಕೆ ಅವಳು ಹಾಕಿದ ಮೇಲ್ ನನಗೆ ತುಂಬಾ ಇಷ್ಟವಾಯ್ತು. ಅದು ಇಂಗ್ಲಿಷ್‌ನಲ್ಲಿತ್ತು, ಸಾರ ಕನ್ನಡದಲ್ಲಿ ಹಾಕ್ತೀನಿ. ಸಬ್ಜೆಕ್ಟ್ ಸಾಲಿನಲ್ಲೇ ಕ್ಲೇಮ್ ನಂಬರ್, ಎಂಪ್ಲಾಯಿ ಐಡಿ, ಮೊತ್ತ. ಒಳಗೆ:

"ಜುಲೈ 7ಕ್ಕೆ ಸೇರಿದ್ದೇನೆ. ಆಫರ್ ಲೆಟರ್‌ನ ಕೊನೆ ಪುಟದ ರೀಲೊಕೇಶನ್ ಷರತ್ತಿನ ಪ್ರಕಾರ ಜುಲೈ 26ಕ್ಕೆ ಕ್ಲೇಮ್ ಹಾಕಿದ್ದೆ, ತಿದ್ದುಪಡಿ ಮಾಡಿ ಆಗಸ್ಟ್ 5ಕ್ಕೆ, ಅಂದರೆ 30 ದಿನದೊಳಗೆ, ಮತ್ತೆ ಸಲ್ಲಿಸಿದ್ದೇನೆ. ಫೈನಾನ್ಸ್ 19,790 ರೂಪಾಯಿ ಒಪ್ಪಿದೆ. ಈಗ ನನ್ನ ಹಳೇ ಮ್ಯಾನೇಜರ್ ಹತ್ತಿರ ಅಪ್ರೂವಲ್‌ಗೆ ನಿಂತಿದೆ, ಅವರು ಈಗ ನನ್ನ ಮ್ಯಾನೇಜರ್ ಅಲ್ಲ. ದಯವಿಟ್ಟು ಇದನ್ನು ನನ್ನ ಈಗಿನ ಮ್ಯಾನೇಜರ್‌ಗೆ ವರ್ಗಾಯಿಸಿ. ಸೆಪ್ಟೆಂಬರ್ 20ರ ಕಟ್‌ಆಫ್ ಒಳಗೆ ಆಗಬಹುದೇ ತಿಳಿಸಿ. ಲೆಟರ್ ಮತ್ತು ಹಿಂದಿನ ಮೇಲ್ ಲಗತ್ತಿಸಿದ್ದೇನೆ."

ಇಷ್ಟೇ. ಕಷ್ಟ ಹೇಳಿಕೊಂಡಿಲ್ಲ, ಸೊಸೈಟಿ ಸಾಲದ ವಿಷಯ ಇಲ್ಲ, "ಎರಡು ತಿಂಗಳಿಂದ ಕಾಯ್ತಿದ್ದೀನಿ" ಅನ್ನೋ ಸಿಟ್ಟೂ ಇಲ್ಲ. ಓದಿದವರು ಇನ್ನೊಂದು ಮೇಲ್ ಹುಡುಕಬೇಕಾಗಿಲ್ಲ, ಬೇರೆ ಯಾರನ್ನೂ ಕೇಳಬೇಕಾಗಿಲ್ಲ. ಮಾಡಬೇಕಾದ ಕೆಲಸ ಒಂದೇ ಒಂದು, ಅದೂ ಸ್ಪಷ್ಟ. ಕಳಿಸಿದ್ದು ಎಚ್‌ಆರ್ ಹೆಲ್ಪ್‌ಡೆಸ್ಕ್‌ಗೆ, ಸಿಸಿಯಲ್ಲಿ ಈಗಿನ ಮ್ಯಾನೇಜರ್. ಇದರ ಮುಂಚೆ ಆಗಸ್ಟ್‌ನಲ್ಲಿ ಅವಳು ಎಚ್‌ಆರ್‌ನವರೊಬ್ಬರಿಗೆ ಚಾಟ್‌ನಲ್ಲಿ "ಹಾಯ್, ಎನಿ ಅಪ್‌ಡೇಟ್?" ಅಂತ ನಾಲ್ಕು ಸಲ ಹಾಕಿದ್ದಳಂತೆ. ನಾಲ್ಕಕ್ಕೂ "ಚೆಕ್ಕಿಂಗ್" ಅನ್ನೋ ಒಂದೇ ಉತ್ತರ. ಏನನ್ನು ಚೆಕ್ ಮಾಡಬೇಕು ಅಂತ ಪಾಪ ಅವರಿಗೂ ಗೊತ್ತಿರಲಿಲ್ಲ.

ಸೆಪ್ಟೆಂಬರ್ 8ಕ್ಕೆ ಕ್ಲೇಮ್ ಹೊಸ ಮ್ಯಾನೇಜರ್ ಹತ್ತಿರ ಬಂತು, ಅವತ್ತೇ ಅಪ್ರೂವ್ ಆಯ್ತು. 30ನೇ ತಾರೀಖು ಸಂಬಳದ ಜೊತೆ ಬಂತು. ಪೇಸ್ಲಿಪ್‌ನಲ್ಲಿ ಅದನ್ನು ಆದಾಯದ ಕಾಲಮ್‌ನಲ್ಲೇ ತೋರಿಸಿದ್ದರು. ಜುಲೈನಿಂದ ಮಾರ್ಚ್‌ವರೆಗಿನ ಅವಳ ಸಂಬಳ ತೆರಿಗೆ ಬೀಳುವಷ್ಟು ಇರಲಿಲ್ಲ, ಹಾಗಾಗಿ ಏನೂ ಕಟ್ ಆಗಲಿಲ್ಲ.

ಒಂದು ವೇಳೆ ಕಂಪನಿ ಕಡೆಯಿಂದ ಉತ್ತರವೇ ಬರದಿದ್ದರೆ? ಕ್ಯಾಂಪಸ್ ಆಫರ್ ಆಗಿದ್ದರೆ ನಮ್ಮ ಪ್ಲೇಸ್‌ಮೆಂಟ್ ಸೆಲ್ ಇದೆ. ಕಂಪನಿ ಮುಂದಿನ ವರ್ಷವೂ ಕ್ಯಾಂಪಸ್‌ಗೆ ಬರಬೇಕು ಅಂದುಕೊಂಡಿರುತ್ತೆ, ಹಾಗಾಗಿ ಪ್ಲೇಸ್‌ಮೆಂಟ್ ಆಫೀಸರ್ ಕೇಳಿದರೆ ಯಾರೋ ಒಬ್ಬರು ಫೋನ್ ಎತ್ತುತ್ತಾರೆ. ಆದರೆ ಅವರ ಹತ್ತಿರ ಹೋಗುವಾಗಲೂ ಕೈಯಲ್ಲಿ ಲೆಟರ್, ಕ್ಲೇಮ್ ನಂಬರ್, ತಾರೀಖು ಇರಬೇಕು. "ಸರ್, ದುಡ್ಡು ಕೊಡ್ತಿಲ್ಲ" ಅಂದರೆ ಅವರು ತಾನೇ ಏನು ಮಾಡ್ತಾರೆ.

ಕೊಟ್ಟಿದ್ದನ್ನು ವಾಪಸ್ ಕೇಳೋದು

ಲೆಟರ್‌ನ ಕೊನೇ ಷರತ್ತು ಬಾಕಿ ಇತ್ತು: ಹನ್ನೆರಡು ತಿಂಗಳೊಳಗೆ ಬಿಟ್ಟರೆ ಪೂರ್ತಿ ವಾಪಸ್. ಕೆಲವು ಕಡೆ ಇದು ತಿಂಗಳ ಲೆಕ್ಕದಲ್ಲಿ ಇಳಿಯುತ್ತೆ, ಒಂಬತ್ತು ತಿಂಗಳು ಕೆಲಸ ಮಾಡಿದ್ದರೆ ಕಾಲು ಭಾಗ ಮಾತ್ರ ವಾಪಸ್. ಅಕ್ಕನ ಲೆಟರ್‌ನಲ್ಲಿ ಹಾಗಿರಲಿಲ್ಲ. ಹನ್ನೊಂದು ತಿಂಗಳು ಇದ್ದು ಬಿಟ್ಟರೂ 19,790 ಪೂರ್ತಿ, ಕೊನೇ ಸೆಟ್ಲ್‌ಮೆಂಟ್‌ನಲ್ಲಿ ಹಿಡಿದುಕೊಳ್ತಾರೆ. ದೊಡ್ಡ ಪ್ಯಾಕೇಜ್ ಇರೋರು ಇನ್ನೊಂದು ಕೇಳಿಕೊಳ್ಳಬೇಕು: ವಾಪಸ್ ಕೊಡೋದು ತೆರಿಗೆ ಕಳೆಯೋ ಮುಂಚಿನ ಮೊತ್ತವಾ, ಕೈಗೆ ಬಂದ ಮೊತ್ತವಾ? ಮೂವತ್ತು ಸಾವಿರಕ್ಕೆ ತೆರಿಗೆ ಹೋಗಿ ಇಪ್ಪತ್ನಾಲ್ಕು ಬಂದಿದ್ದರೂ ಮೂವತ್ತೇ ಕೇಳಬಹುದು.

ಈ ವರ್ಷ ಏಪ್ರಿಲ್‌ನಲ್ಲಿ ಅವಳಿಗೆ ಬೆಂಗಳೂರಿನಲ್ಲಿ ಬೇರೆ ಆಫರ್ ಬಂತು. ಈ ಸಲ ಮೊದಲು ಮೇಲ್ ಹಾಕಿ ಕೇಳಿದ್ದು ಎಚ್‌ಆರ್‌ಗೆ: ಹನ್ನೆರಡು ತಿಂಗಳು ಅಂದರೆ ರಾಜೀನಾಮೆ ಕೊಟ್ಟ ದಿನಕ್ಕಾ, ಕೆಲಸದ ಕೊನೇ ದಿನಕ್ಕಾ? ಕೊನೇ ದಿನಕ್ಕೆ ಅಂತ ಬರಹದಲ್ಲಿ ಉತ್ತರ ಬಂತು. ನೋಟಿಸ್ ಪೀರಿಯಡ್ 60 ದಿನ. ಕ್ಯಾಲೆಂಡರ್ ಹಿಡ್ಕೊಂಡು ಲೆಕ್ಕ ಹಾಕಿ ಮೇ 10ಕ್ಕೆ ರಾಜೀನಾಮೆ ಕೊಟ್ಟಳು. ಕೊನೇ ದಿನ ಜುಲೈ 9. ಹೊಸ ಕಂಪನಿಯ ಲೆಟರ್‌ನಲ್ಲೂ ರೀಲೊಕೇಶನ್ ಇದೆ, ನಲವತ್ತು ಸಾವಿರ "ವರೆಗೆ". ಈ ಸಲ ಲಾರಿ ಬುಕ್ ಮಾಡೋದು ತಾನೇ ಅಂತ ದೊಡ್ಡಪ್ಪನಿಗೆ ಈಗಲೇ ಹೇಳಿಟ್ಟಿದ್ದಾಳೆ.